ರೇಸ್ ಬಾಜಿಯ ಶೀಟ್: ಆರ್‌ಒಐ ಮತ್ತು ಡ್ರಾಡೌನ್ ತಾವಾಗಿಯೇ ಲೆಕ್ಕವಾಗಬೇಕಾದರೆ

ಪ್ರಶ್ನೆ: ಮೈಸೂರು, ಬೆಂಗಳೂರಿನ ರೇಸ್‌ಗಳಲ್ಲಿ ಕಟ್ಟುವ ಬಾಜಿಗಳನ್ನು ಗೂಗಲ್ ಶೀಟ್ಸ್‌ನಲ್ಲಿ ಬರೆದಿಡುತ್ತಿದ್ದೇನೆ. ಆರ್‌ಒಐ, ಡ್ರಾಡೌನ್ ತಾವಾಗಿಯೇ ಲೆಕ್ಕವಾಗುವಂತೆ ಮಾಡುವುದು ಹೇಗೆ? ಈಗಿನ ನನ್ನ ಶೀಟ್‌ನಲ್ಲಿ ಡ್ರಾಡೌನ್ ಏಕೋ ತೀರಾ ಕಡಿಮೆ ತೋರಿಸುತ್ತಿದೆ.

ಉತ್ತರ:

ಮೊದಲು ಆಡ್ಸ್‌ನಿಂದ ಲಾಭ ಲೆಕ್ಕ ಹಾಕುವುದನ್ನು ಬಿಡಿ. ಬುಕ್ಕಿ ಹೇಳುವ 5/2 ಎಂಬ ದರದಲ್ಲಿ ನೀವು ಕಟ್ಟಿದ ಹಣ ಸೇರಿರುವುದಿಲ್ಲ. ಟೋಟ್ ಡಿವಿಡೆಂಡ್‌ನಲ್ಲಿ ಸೇರಿರುತ್ತದೆ. ಎರಡನ್ನೂ ಒಂದೇ ಕಾಲಂನಲ್ಲಿ ತುಂಬಿದರೆ ಲೆಕ್ಕ ಕೆಡುತ್ತದೆ, ಕೆಟ್ಟದ್ದು ಕಣ್ಣಿಗೂ ಬೀಳುವುದಿಲ್ಲ. ತೆರಿಗೆ ಸೇರಿ ಕೈಯಿಂದ ಹೋದ ಹಣ ಎಷ್ಟು, ಕೈಗೆ ಬಂದ ಹಣ ಎಷ್ಟು, ಇವೆರಡನ್ನೇ ಬರೆಯಿರಿ. ಆಡ್ಸ್ ಬೇಕಿದ್ದರೆ ಟಿಪ್ಪಣಿಯಾಗಿ ಬೇರೆ ಕಡೆ ಇರಲಿ.

A ಕಾಲಂನಲ್ಲಿ ದಿನಾಂಕ, B ಯಲ್ಲಿ ರೇಸ್ ಮತ್ತು ಕುದುರೆ, C ಯಲ್ಲಿ ಕಟ್ಟಿದ ಹಣ, D ಯಲ್ಲಿ ಬಂದ ಹಣ. ಸೋತರೆ D ಯಲ್ಲಿ 0 ಬರೆಯಬೇಕು. ಖಾಲಿ ಬಿಟ್ಟರೆ ಫಲಿತಾಂಶ ಇನ್ನೂ ಬಂದಿಲ್ಲ ಎಂದರ್ಥ. ಕುದುರೆ ಓಡದೆ ಹಣ ವಾಪಸು ಬಂದರೆ ಆ ಮೊತ್ತವನ್ನು D ಯಲ್ಲಿ ಬರೆದು, E ಯಲ್ಲಿ R ಎಂದು ಗುರುತು ಹಾಕಿ. ಆರಂಭದ ಬಂಡವಾಳ `L1` ನಲ್ಲಿರಲಿ. ನಂತರ `F2`, `G2`, `H2`, `I2` ಗಳಲ್ಲಿ ಕ್ರಮವಾಗಿ ಲಾಭ, ಬಾಕಿ, ಬಾಕಿ ಅಲ್ಲಿಯವರೆಗೆ ಮುಟ್ಟಿದ ಶಿಖರ, ಆ ಶಿಖರದಿಂದಾದ ಕುಸಿತ ಅಂದರೆ ಡ್ರಾಡೌನ್, ಇವುಗಳ ಸೂತ್ರಗಳನ್ನು ಹಾಕಿ ಕೆಳಗೆ ಎಳೆಯಿರಿ:

```
=IF(D2="","",D2-C2)
=IF(D2="","",$L$1+SUM(F$2:F2))
=IF(D2="","",MAX($L$1,G$2:G2))
=IF(D2="","",G2/H2-1)
```

ಒಟ್ಟು ಆರ್‌ಒಐ ಮತ್ತು ಗರಿಷ್ಠ ಡ್ರಾಡೌನ್ ಹೀಗೆ:

```
=SUM(F2:F)/SUMIFS(C2:C,D2:D,">=0",E2:E,"<>R")
=MIN(I2:I)
```

ವಾಪಸು ಬಂದ ಬಾಜಿ ಛೇದದಲ್ಲಿ ಸೇರಬಾರದು ಎಂದೇ R ನ ಗುರುತು. ಸೇರಿದರೆ ಆರ್‌ಒಐ ಸುಳ್ಳೇ ತೆಳುವಾಗುತ್ತದೆ.

ಈಗ ಪರೀಕ್ಷಿಸಿ. `L1` ನಲ್ಲಿ 10,000 ಇಟ್ಟು, ತಲಾ 1,000 ರೂಪಾಯಿಯ ಐದು ಬಾಜಿ ತುಂಬಿ. ಬಂದ ಹಣ ಕ್ರಮವಾಗಿ 2,500, 0, 0, 0, 3,000 ಎಂದಿರಲಿ. ಬಾಕಿ 11,500ಕ್ಕೆ ಏರಿ, 10,500, 9,500, 8,500 ಎಂದು ಇಳಿದು, ಕೊನೆಗೆ 10,500 ಆಗುತ್ತದೆ. 5,000 ಕಟ್ಟಿ 500 ಗಳಿಸಿದ್ದರಿಂದ ಆರ್‌ಒಐ 10%. ಬಂಡವಾಳ ಬೆಳೆದದ್ದು ಮಾತ್ರ 5%. ಇವೆರಡು ಬೇರೆ ಬೇರೆ ಅಳತೆಗಳು. ಗರಿಷ್ಠ ಕುಸಿತ -26.1% ಬರಬೇಕು, ಏಕೆಂದರೆ 8,500 ಅನ್ನು ಅಳೆಯಬೇಕಾದದ್ದು 11,500 ಎಂಬ ಶಿಖರದಿಂದ. ನಿಮ್ಮ ಈಗಿನ ಶೀಟ್ ಇದೇ ಅಂಕಿಗಳಿಗೆ -15% ತೋರಿಸಿದರೆ ಅದು ಆರಂಭದ 10,000ಕ್ಕೆ ಹೋಲಿಸುತ್ತಿದೆ. ಡ್ರಾಡೌನ್ ಕಡಿಮೆ ಕಾಣಲು ಬಹುಪಾಲು ಇದೇ ಕಾರಣ.

ಇನ್ನೊಂದು ಕಾರಣ ನಡುವೆ ಸೇರಿಸುವ ಹೊಸ ಹಣ. ಬಾಕಿ 8,500 ಇದ್ದಾಗ ಕಿಸೆಯಿಂದ 5,000 ಹಾಕಿ ಅದನ್ನು ಬಾಕಿಯ ಕಾಲಂಗೇ ಸೇರಿಸಿದರೆ 13,500 ಹೊಸ ಶಿಖರವಾಗಿ, ಕುಸಿತ ಒಮ್ಮೆಗೇ ಸೊನ್ನೆಯಾಗುತ್ತದೆ. ಸೋತ ಹಣ ಮರಳಿ ಬಂದಿಲ್ಲ, ಆದರೆ ಶೀಟ್ ಬಂದಂತೆ ತೋರಿಸುತ್ತದೆ. ಇದು ನನಗೆ ಎಲ್ಲಕ್ಕಿಂತ ಅಪಾಯಕಾರಿ ಎನಿಸುತ್ತದೆ, ಏಕೆಂದರೆ ಸೋಲುತ್ತಿರುವಾಗಲೇ ಮನುಷ್ಯ ಹಣ ಸೇರಿಸುವುದು. ಹಾಕಿದ ಮತ್ತು ತೆಗೆದ ಹಣವನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಮೇಲಿನ ಸೂತ್ರಗಳು ಬಾಜಿಯ ಲಾಭ ನಷ್ಟವನ್ನು ಮಾತ್ರ ನೋಡಲಿ. ಹೊಸ ಹಣ ಬಂದ ಮೇಲೆ ಶೇಕಡಾವಾರು ಕುಸಿತ ಹಳೆಯ ಬಂಡವಾಳಕ್ಕೆ ತಕ್ಕಂತೆ ಉಳಿಯುತ್ತದೆ, ನಿಜ. ಆದರೆ `G2-H2` ಕೊಡುವ ರೂಪಾಯಿಯ ಕುಸಿತ ಸರಿಯಾಗಿಯೇ ಇರುತ್ತದೆ. ಅದಕ್ಕೂ ಒಂದು ಕಾಲಂ ಕೊಡಿ.

ಸಾಲುಗಳ ಕ್ರಮವನ್ನೂ ಕಾಯಬೇಕು. ಅದೇ ಐದು ಬಾಜಿಗಳಲ್ಲಿ ಮೂರು ಸೋಲು ಮೊದಲು ಬಂದರೆ ಬಾಕಿ 7,000ಕ್ಕೆ ಇಳಿದು ಕುಸಿತ -30% ಆಗುತ್ತದೆ, ಆರ್‌ಒಐ ಮಾತ್ರ ಅದೇ 10%. ಹಾಗಾಗಿ ಯಾವ ಜಾಕಿಯ ಮೇಲೆ ಎಷ್ಟು ಗಳಿಸಿದೆ ಎಂದು ನೋಡಲು ಮೂಲ ಹಾಳೆಯನ್ನು ಎಂದೂ ಸಾರ್ಟ್ ಮಾಡಬೇಡಿ. ಜಾಕಿಯ ಹೆಸರಿಗೆ ಒಂದು ಕಾಲಂ ಇಟ್ಟು, ಇನ್ನೊಂದು ಹಾಳೆಯಲ್ಲಿ ಪಿವಟ್ ಟೇಬಲ್ ಮಾಡಿಕೊಳ್ಳಿ.

ಕೊನೆಗೆ, ಆರ್‌ಒಐ ಪಕ್ಕದಲ್ಲಿ ಬಾಜಿಗಳ ಸಂಖ್ಯೆಯೂ ಕಾಣುವಂತಿರಲಿ. 3/1 ದರ ಪೂರ್ತಿ ನ್ಯಾಯವಾಗಿದೆ, ಅಂದರೆ ನಾಲ್ಕರಲ್ಲಿ ಒಂದು ಗೆಲ್ಲುತ್ತದೆ ಎಂದಿಟ್ಟುಕೊಳ್ಳಿ. ಸಮ ಮೊತ್ತದ 100 ಬಾಜಿಗಳ ನಂತರವೂ ಆರ್‌ಒಐ ಬರೀ ಅದೃಷ್ಟದಿಂದ ಸೊನ್ನೆಯ ಆಚೀಚೆ ಸುಮಾರು 17% ಸರಿಯುವುದು ಮಾಮೂಲು. ನೂರು ಬಾಜಿಗೆ 12% ಕಂಡಿತೆಂದು ಕಟ್ಟುವ ಹಣ ಹೆಚ್ಚಿಸಬೇಡಿ.