ಸಾಸಿವೆ ಹಳದಿ ಎಲ್ಲೆಲ್ಲಿ ಬರಬೇಕು?

"ಹಾಲ್, ಊಟದ ಜಾಗ, ಅಡುಗೆಮನೆ ಮಧ್ಯೆ ಗೋಡೆ ಇಲ್ಲ. ಮೂರೂ ಬೇರೆ ಬೇರೆ ಮನೆಯ ಹಾಗೆ ಕಾಣ್ತಿವೆ. ಸಾಸಿವೆ ಹಳದಿ ಇಷ್ಟ. ಎಲ್ಲೆಲ್ಲಿ ಹಾಕಲಿ?"

ಮೊದಲು ಮುಂಬಾಗಿಲಲ್ಲಿ ನಿಂತು ನೋಡಿ. ಅಲ್ಲಿಂದಲೇ ಮೂರೂ ಕಡೆ ಆ ಬಣ್ಣ ಕಣ್ಣಿಗೆ ಬೀಳಬೇಕು, ಆದರೆ ಒಂದೇ ಅಳತೆಯಲ್ಲಲ್ಲ. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆಯೂ ಇದೇ ತರಹದ್ದು. ಹಾಲ್‌ನಲ್ಲಿ ನೆಲಹಾಸು ಮತ್ತು ಎರಡು ದಿಂಬಿನ ಕವರ್, ಊಟದ ಮೇಜಿನ ಮೇಲೆ ಉದ್ದನೆಯ ಬಟ್ಟೆ, ಅಡುಗೆಮನೆಯ ತೆರೆದ ಕಪಾಟಿನಲ್ಲಿ ಮೂರು ಡಬ್ಬಿ. ಅಷ್ಟೇ. ಗೋಡೆಗಳೆಲ್ಲ ಒಂದೇ ತಿಳಿ ಕೆನೆ ಬಣ್ಣ. ಒಂದು ಗೋಡೆಗೆ ಪೂರ್ತಿ ಹಳದಿ ಬಳಿದರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಮುಂದಕ್ಕೆ ಹೋಗುವುದೇ ಇಲ್ಲ.

ನಾವು ಎಡವಿದ್ದು ಬೆಳಕಿನಲ್ಲಿ. ಹಾಲ್‌ನಲ್ಲಿ ಹಳದಿ ಬಲ್ಬ್, ಅಡುಗೆಮನೆಯಲ್ಲಿ ಬಿಳಿ ಟ್ಯೂಬ್‌ಲೈಟ್. ಹಗಲು ಎಲ್ಲ ಸರಿ ಇತ್ತು. ಸಂಜೆ ಲೈಟ್ ಹಾಕಿದರೆ ಡಬ್ಬಿಗಳು ಹಸಿರು ಮಿಶ್ರಿತ ಹಳದಿಯಾಗಿ ಕಂಡವು, ದಿಂಬಿಗೂ ಅದಕ್ಕೂ ನಂಟೇ ಇಲ್ಲ! ಮೂರೂ ಕಡೆ ತಿಳಿ ಹಳದಿ ಬೆಳಕು ಕೊಡುವ 3000ಕೆ ಬಲ್ಬ್ ಹಾಕಿದ ಮೇಲೆ ಕೂಡಿಕೊಂಡಿತು. ಹಾಗಾಗಿ ಸುಮ್ನೆ ಅಂಗಡಿಯ ಬೆಳಕು ನಂಬಬೇಡಿ. ಬಟ್ಟೆಯ ಒಂದು ತುಂಡು ತಂದು, ರಾತ್ರಿ ಮೂರೂ ಕಡೆ ಹಿಡಿದು ನೋಡಿ, ಆಮೇಲೆ ಕೊಳ್ಳಿ.