ಎರೆಗೊಬ್ಬರದ ಕಂಪನಿಗೆ ಏನು ಕಳಿಸೋದು, ಎಷ್ಟು ಕೇಳೋದು

"ಮಂಡ್ಯದಲ್ಲಿ ತಾರಸಿ ತೋಟದ ಪೇಜ್ ನಡೆಸ್ತಿದೀನಿ. ಇನ್‌ಸ್ಟಾಗ್ರಾಮ್‌ನಲ್ಲಿ 8,400 ಫಾಲೋವರ್ಸ್. ಎರೆಗೊಬ್ಬರದ ಒಂದು ಕಂಪನಿಯವರು ಒಂದು ರೀಲ್ ಬೇಕು, ಮೀಡಿಯಾ ಕಿಟ್, ರೇಟ್ ಕಾರ್ಡ್ ಕಳಿಸಿ ಅಂದಿದ್ದಾರೆ. ಕಿಟ್‌ನಲ್ಲಿ ಏನಿರಬೇಕು, ಎಷ್ಟು ಕೇಳಲಿ? ಕಳೆದ 11 ರೀಲ್‌ಗಳ ವ್ಯೂಸ್: 3,400, 2,600, 5,200, 3,000, 1,10,000, 4,100, 2,100, 9,500, 3,800, 3,200, 6,000."

ಅಕ್ಕಾ, ವ್ಯೂಸ್ ಪಟ್ಟಿ ಹಾಕಿದ್ದು ಒಳ್ಳೆಯದಾಯಿತು, ಅಲ್ಲಿಂದಲೇ ಶುರು ಮಾಡೋಣ. ಎಲ್ಲ ಕೂಡಿಸಿ 11ರಿಂದ ಭಾಗಿಸಿದರೆ ಸರಾಸರಿ 13,900 ಬರುತ್ತೆ. ಕಿಟ್‌ನಲ್ಲಿ ಅದನ್ನು ಹಾಕಬೇಡಿ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಟ್ಟನಡುವಿನದನ್ನು ನೋಡಿ, 3,800. ನಿಮ್ಮ ಮುಂದಿನ ರೀಲ್‌ಗೆ ಬರುವುದು ಹೆಚ್ಚುಕಮ್ಮಿ ಅಷ್ಟೇ. 13,900 ಅಂತ ಹೇಳಿ ನಾಲ್ಕು ಸಾವಿರ ಬಂದರೆ ಕಂಪನಿಯವರು ಮೋಸ ಹೋದೆವು ಅಂದುಕೊಳ್ತಾರೆ, ಮತ್ತೆ ಕರೆಯೋದಿಲ್ಲ. ಅದೂ ಅಲ್ಲದೆ ನಿಮ್ಮ ಪೇಜ್ ತೆರೆದರೆ ಪ್ರತಿ ರೀಲ್ ಮೇಲೂ ವ್ಯೂಸ್ ಕಾಣುತ್ತೆ. ಒಂದು ನಿಮಿಷದಲ್ಲಿ ಗೊತ್ತಾಗಿಬಿಡುತ್ತೆ.

ಆ 1,10,000 ಬಂದಿದ್ದು ಕರಿಬೇವಿಗೆ ಹುಳಿ ಮಜ್ಜಿಗೆ ಹಾಕಿದ ರೀಲ್‌ಗೆ ಅಲ್ವಾ? ಅದನ್ನು ನೋಡಿದವರು ಯಾವ ಕಡೆಯವರು ಅಂತ ಮೊದಲು ಕಾಮೆಂಟ್‌ಗಳಲ್ಲಿ ನೋಡಿ. ಅದರಲ್ಲಿ ಮಾತಿಲ್ಲ, ಬರೀ ಹಾಡಿದೆ. ಇಂಥ ರೀಲ್‌ಗಳು ಹೊರ ರಾಜ್ಯಗಳಲ್ಲಿ ಓಡಿರೋದೇ ಜಾಸ್ತಿ. ಮಂಡ್ಯ, ಮೈಸೂರಿನಲ್ಲಿ ಗೊಬ್ಬರ ಮಾರುವವರಿಗೆ ಅದರಿಂದ ಉಪಯೋಗ ಕಡಿಮೆ. "ನಮ್ಮ ಅತಿ ಹೆಚ್ಚು ನೋಡಿದ ರೀಲ್" ಅಂತ ಬೇರೆ ಸಾಲಿನಲ್ಲಿ ಹಾಕಿ, ಲೆಕ್ಕದಲ್ಲಿ ಸೇರಿಸಬೇಡಿ.

ಮೇಲೆ ಕೆ.ಆರ್. ಪೇಟೆಯ ಅಣ್ಣ ಸಾವಿರ ಫಾಲೋವರ್ಸ್‌ಗೆ 500 ರೂಪಾಯಿ ಲೆಕ್ಕ, ಅಂದರೆ 4,200 ಕೇಳಿ ಅಂದಿದ್ದಾರೆ. ಬಾಯಿಲೆಕ್ಕಕ್ಕೆ ಅದು ಸುಲಭ, ಬರುವ ಮೊತ್ತವೂ ತೀರಾ ತಪ್ಪಲ್ಲ. ಆದರೆ "ಸ್ವಲ್ಪ ಕಡಿಮೆ ಮಾಡಿ ಮೇಡಂ" ಅಂತ ಅವರು ಕೇಳಿದಾಗ ಯಾವುದನ್ನು ಕಡಿಮೆ ಮಾಡೋದು ಅಂತ ಆ ಲೆಕ್ಕದಲ್ಲಿ ಗೊತ್ತಾಗೋದಿಲ್ಲ. 1,000 ಸಬ್‌ಸ್ಕ್ರೈಬರ್, 4,000 ಗಂಟೆ ವೀಕ್ಷಣೆ ಆಗುವವರೆಗೆ ದುಡ್ಡು ಕೇಳೋ ಹಾಗಿಲ್ಲ ಅಂತ ಹುಣಸೂರಿನ ಮೇಡಂ ಹೇಳಿದ್ದಾರೆ, ಅದು ಯೂಟ್ಯೂಬ್ ತಾನೇ ಕೊಡುವ ಜಾಹೀರಾತಿನ ದುಡ್ಡಿನ ಮಾತು. ಇಲ್ಲಿ ದುಡ್ಡು ಕೊಡೋದು ಕಂಪನಿ, ಅದಕ್ಕೆ ಅಂಥ ಮಿತಿ ಇಲ್ಲ. ಮೇಡಂ, ನಿಮ್ಮ ಚಾನೆಲ್‌ಗೂ ಈಗಲೇ ಕೊಲಾಬ್ ಕೇಳಬಹುದು.

ಕಿಟ್ ಅಂದರೆ ಒಂದೇ ಹಾಳೆಯ ಪಿಡಿಎಫ್ ಸಾಕು. ಕ್ಯಾನ್ವಾದಲ್ಲಿ ಮಾಡಿ, ಆಮೇಲೆ ನಿಮ್ಮ ಫೋನ್‌ನಲ್ಲೇ ತೆರೆದು ದೊಡ್ಡದು ಮಾಡದೆ ಓದಲು ಆಗುತ್ತಾ ನೋಡಿ. ಅವರೂ ಫೋನ್‌ನಲ್ಲೇ ನೋಡೋದು. ಮೇಲೆ ನಿಮ್ಮ ಹೆಸರು, ಊರು, "ಕನ್ನಡದಲ್ಲಿ ತಾರಸಿ ತೋಟ" ಅಂತ ಒಂದು ಸಾಲು. ಅದರ ಕೆಳಗೆ ಫಾಲೋವರ್ಸ್, ನಡುವಿನ ವ್ಯೂಸ್ 3,800, ಮತ್ತು ಇನ್‌ಸೈಟ್ಸ್‌ನಲ್ಲಿ ಕಾಣುವ ಊರುಗಳ ಪಟ್ಟಿ. ಬೆಂಗಳೂರು, ಮೈಸೂರು, ಮಂಡ್ಯ ಮೊದಲ ಮೂರರಲ್ಲಿದ್ದರೆ ಅದೇ ನಿಮ್ಮ ದೊಡ್ಡ ಬಲ. ವಯಸ್ಸು, ಹೆಂಗಸರು ಗಂಡಸರು ಎಷ್ಟೆಷ್ಟು ಅನ್ನೋದೂ ಅಲ್ಲೇ ಸಿಗುತ್ತೆ. ಅಂಕಿ ತೆಗೆದ ತಾರೀಖು ಮರೆಯದೆ ಹಾಕಿ.

ಹಾಳೆಯ ಉಳಿದ ಅರ್ಧ ಕಾಮೆಂಟ್‌ಗಳಿಗೆ ಕೊಡಿ. ನಿಮ್ಮ ಗ್ರೋ ಬ್ಯಾಗ್ ರೀಲ್ ಕೆಳಗೆ ನೋಡಿದೆ. "ಅಕ್ಕಾ ಈ ಬ್ಯಾಗ್ ಮಂಡ್ಯದಲ್ಲಿ ಎಲ್ಲಿ ಸಿಗುತ್ತೆ", "ಬದನೆಗೆ ಯಾವ ಸೈಜ್ ತಗೋಬೇಕು", "ಅಂಗಡಿ ಹೆಸರು ಹೇಳಿ ಪ್ಲೀಸ್" ಅಂತ ಸಾಲು ಸಾಲಾಗಿ ಕೇಳಿದ್ದಾರೆ. ನೀವು ಒಂದೊಂದಕ್ಕೂ ಉತ್ತರ ಕೊಟ್ಟಿದ್ದೀರಿ, ಒಬ್ಬರು ತಗೊಂಡು ಬಂದು ಫೋಟೋ ಕೂಡ ಹಾಕಿದ್ದಾರೆ. ಅದರ ಸ್ಕ್ರೀನ್‌ಶಾಟ್ ತೆಗೆದು, ಜನರ ಹೆಸರು ಮಸುಕು ಮಾಡಿ ಹಾಕಿ. ಕೊಳ್ಳುವ ಜನ ನಿಮ್ಮ ಮಾತು ಕೇಳ್ತಾರೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬರೀ ಹಾರ್ಟ್ ಚಿಹ್ನೆ ಇರುವ ಕಾಮೆಂಟ್ ನೂರಿದ್ದರೂ ಹಾಕಬೇಡಿ.

ಈಗ ರೇಟ್. ಮೊದಲು ಕೆಲಸದ ಲೆಕ್ಕ. ಗೊಬ್ಬರದ ರೀಲ್ ಒಂದೇ ದಿನದಲ್ಲಿ ಆಗೋದಿಲ್ಲ. ಚೀಲ ಬಂದ ದಿನವೇ "ಸೂಪರ್ ಗೊಬ್ಬರ" ಅಂತ ಹಾಕಿದರೆ ತೋಟ ಮಾಡುವವರು ಯಾರೂ ನಂಬೋದಿಲ್ಲ. ಒಂದೇ ಅಳತೆಯ ಎರಡು ಕುಂಡದಲ್ಲಿ ಒಂದೇ ವಯಸ್ಸಿನ ಬದನೆ ಸಸಿ ಇಟ್ಟು, ಒಂದಕ್ಕೆ ಗೊಬ್ಬರ ಹಾಕಿ, ಇನ್ನೊಂದಕ್ಕೆ ಹಾಕದೆ ಮೂರು ನಾಲ್ಕು ವಾರ ನೋಡಬೇಕು. ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನ ಬೆಳಕಿನಲ್ಲಿ ಚಿತ್ರೀಕರಿಸಬೇಕು. ಬಿಡಿಬಿಡಿಯಾಗಿ ಮಾಡಿದರೂ ಶೂಟಿಂಗ್ ಸೇರಿ ಒಂದು ದಿನದ ಕೆಲಸ. ಎಡಿಟಿಂಗ್, ದನಿ ಕೊಡೋದು ಇನ್ನೊಂದು ದಿನ. ಕಂಪನಿಯವರ ಜೊತೆ ಮಾತು, ಒಂದು ಸಲದ ತಿದ್ದುಪಡಿ, ಅರ್ಧ ದಿನ. ನಿಮ್ಮ ದಿನಕ್ಕೆ 1,200 ಹಿಡಿದರೆ ಎರಡೂವರೆ ದಿನಕ್ಕೆ 3,000. ಕುಂಡ, ಮಣ್ಣು, ಸಸಿಗೆ 500. ಒಟ್ಟು 3,500. ಇದಕ್ಕಿಂತ ಕೆಳಗೆ ಬಂದರೆ ಕೈಯಿಂದ ಹೋಗುತ್ತೆ.

ಇದರ ಮೇಲೆ ಜನರಿಗೆ ತಲುಪಿಸುವ ಬೆಲೆ. ನಾನು ಸಾವಿರ ವ್ಯೂಸ್‌ಗೆ 300 ಹಿಡಿಯುತ್ತೇನೆ, ಬೇರೆಯವರು ಬೇರೆ ಹಿಡಿಯಬಹುದು. 3,800ಕ್ಕೆ 1,140. ಎರಡೂ ಸೇರಿ 4,640, ಅಂದರೆ 5,000 ಅಂತ ಬರೆಯಿರಿ. ಇಲ್ಲಿ ಗಮನಿಸಿ, ವ್ಯೂಸ್‌ನಿಂದ ಬಂದ ಪಾಲು ಕಾಲು ಭಾಗ ಮಾತ್ರ. ನಮ್ಮಂಥ ಸಣ್ಣ ಪೇಜ್‌ನವರ ಹತ್ತಿರ ಕಂಪನಿ ಮುಖ್ಯವಾಗಿ ಕೊಳ್ಳೋದು ವಿಡಿಯೋವನ್ನೇ. ನಿಜವಾದ ತಾರಸಿ, ನಿಜವಾದ ಗಿಡ, ಮಂಡ್ಯದ ಮಾತು. ಅದನ್ನು ಅವರು ಸ್ಟುಡಿಯೋದಲ್ಲಿ ಮಾಡಿಸಲು ಹೋದರೆ ಇದರ ಹಲವು ಪಟ್ಟು ಖರ್ಚು.

ಅದಕ್ಕೇ ರೇಟ್ ಕಾರ್ಡ್‌ನಲ್ಲಿ ಎಲ್ಲಕ್ಕಿಂತ ಮುಖ್ಯ ಸಾಲು ಬೇರೆ ಇದೆ. ಆ ವಿಡಿಯೋವನ್ನು ಅವರು ಎಲ್ಲೆಲ್ಲಿ, ಎಷ್ಟು ದಿನ ಬಳಸಬಹುದು ಅನ್ನೋದು. 5,000 ಅಂದರೆ ನಿಮ್ಮ ಪೇಜ್‌ನಲ್ಲಿ ಹಾಕೋದಕ್ಕೆ, ಅವರು ಶೇರ್ ಮಾಡೋದಕ್ಕೆ ಅಷ್ಟೇ. ಅದೇ ವಿಡಿಯೋಗೆ ಅವರು ದುಡ್ಡು ಹಾಕಿ ಜಾಹೀರಾತಾಗಿ ಓಡಿಸಿದರೆ ನಿಮ್ಮ ಮುಖ ಲಕ್ಷಾಂತರ ಜನರ ಮುಂದೆ ಹೋಗುತ್ತೆ. ಅದಕ್ಕೆ ನಾನು 30 ದಿನಕ್ಕೆ ಮೂಲ ರೇಟಿನ ಶೇಕಡ 30 ಸೇರಿಸುತ್ತೇನೆ. ನಿಮಗೆ 1,500. ಆನ್‌ಲೈನ್ ಅಂಗಡಿಯ ಪುಟ, ಕೃಷಿ ಮೇಳದ ಸ್ಟಾಲ್‌ನ ಟಿವಿ, ಚೀಲದ ಮೇಲಿನ ಫೋಟೋ, ಇವೆಲ್ಲ ಬೇರೆ ಬೇರೆ ಬಳಕೆ, ಕೇಳಿದರೆ ಮಾತಾಡಿ. "ಎಲ್ಲ ಹಕ್ಕು, ಶಾಶ್ವತವಾಗಿ" ಅಂತ ಅಗ್ರಿಮೆಂಟ್‌ನಲ್ಲಿ ಇದ್ದರೆ ಸಹಿ ಹಾಕಬೇಡಿ, ದಿನ ಎಷ್ಟು ಅಂತ ಬರೆಸಿ. ನನಗೆ ಗೊತ್ತಿರುವ ಒಬ್ಬರ ವಿಡಿಯೋ, ಅವರು ಆ ಗೊಬ್ಬರ ಬಿಟ್ಟು ವರ್ಷವಾದ ಮೇಲೂ ಜಾಹೀರಾತಾಗಿ ಓಡುತ್ತಿತ್ತು. ತೆಗೆಸೋಕೆ ಕಾಗದದಲ್ಲಿ ಆಧಾರವೇ ಇರಲಿಲ್ಲ.

ಒಂದು ತಿಂಗಳು ಬೇರೆ ಗೊಬ್ಬರದವರ ಕೆಲಸ ಮಾಡಬಾರದು ಅಂದರೆ ಇನ್ನೊಂದು 1,250 ಕೇಳಿ, ಮೂಲ ರೇಟಿನ ಕಾಲು ಭಾಗ. "ಗೊಬ್ಬರ" ಅಂತಲೇ ಬರೆಸಿ. "ತೋಟಗಾರಿಕೆಯ ಯಾವುದೇ ವಸ್ತು" ಅಂತ ಬರೆದಿದ್ದರೆ ಬೀಜದವರೂ ಗ್ರೋ ಬ್ಯಾಗ್‌ನವರೂ ತಪ್ಪಿಹೋಗ್ತಾರೆ. ದಸರಾ ಹೊತ್ತಿಗೆ, ಕುಪ್ಪಣ್ಣ ಪಾರ್ಕ್‌ನ ಫಲಪುಷ್ಪ ಪ್ರದರ್ಶನದ ಸಮಯದಲ್ಲಿ, ಇಂಥ ಷರತ್ತು ಒಪ್ಪುವ ಮುಂಚೆ ಚೆನ್ನಾಗಿ ಯೋಚಿಸಿ. ಆಗ ಜನ ಗಿಡದ ಗುಂಗಿನಲ್ಲಿರ್ತಾರೆ. ಎಲ್ಲ ಸೇರಿದರೆ 7,750.

ಅವರು "2,500 ಕೊಡ್ತೀವಿ, ಜೊತೆಗೆ ಎರಡು ಚೀಲ ಗೊಬ್ಬರ ಫ್ರೀ" ಅನ್ನಬಹುದು. ಆಗ ರೇಟ್ ಇಳಿಸಬೇಡಿ, ಕೆಲಸ ಇಳಿಸಿ. "ಆ ಬಜೆಟ್‌ಗೆ ಮೂರು ಸ್ಟೋರಿ ಹಾಕಿಕೊಡಬಹುದು, ರೀಲ್ ಆಗೋದಿಲ್ಲ, ಜಾಹೀರಾತಿಗೆ ಬಳಸುವ ಹಾಗಿಲ್ಲ" ಅನ್ನಿ. ಒಂದೇ ರೀಲ್ ಒಬ್ಬರಿಗೆ 5,000, ಇನ್ನೊಬ್ಬರಿಗೆ 2,500 ಆದರೆ ಆ ಸುದ್ದಿ ಬೇಗ ಹಬ್ಬುತ್ತೆ. ಒಪ್ಪಿದರೆ ಅರ್ಧ ದುಡ್ಡು ಗೊಬ್ಬರ ಕಳಿಸುವಾಗಲೇ, ಉಳಿದ ಅರ್ಧ ವಿಡಿಯೋ ಒಪ್ಪಿದ ಮೇಲೆ, ಪೋಸ್ಟ್ ಮಾಡುವ ಮುಂಚೆ. ದೊಡ್ಡ ಕಂಪನಿಗಳು ಇದಕ್ಕೆ ಒಪ್ಪೋದಿಲ್ಲ, 30 ಅಥವಾ 45 ದಿನ ಅಂತಾರೆ. ಆಗ ಅಡ್ವಾನ್ಸ್ ಮಾತ್ರ ಬಿಡಬೇಡಿ. ಬಿಲ್‌ನಲ್ಲಿ ಪಾನ್ ನಂಬರ್ ಹಾಕಿ. ಟಿಡಿಎಸ್ ಕಡಿತವಾದರೆ ಗಾಬರಿ ಬೇಡ, ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತೆ.

ಇನ್ನೊಂದು ಸಾಲು ಕಿಟ್‌ನಲ್ಲೇ ಅಚ್ಚಾಗಿರಲಿ: "ಪ್ರತಿ ಕೊಲಾಬ್‌ನಲ್ಲೂ ಜಾಹೀರಾತು ಅಂತ ತೋರಿಸುತ್ತೇವೆ, ನಾವು ನೋಡದ ಫಲಿತಾಂಶ ಹೇಳುವುದಿಲ್ಲ." ಜಾಹೀರಾತು ಕ್ಷೇತ್ರದ ಎಎಸ್‌ಸಿಐ ಸಂಸ್ಥೆಯ 2021ರ ನಿಯಮಗಳ ಪ್ರಕಾರ ಬರೀ ಫ್ರೀ ಚೀಲ ತಗೊಂಡರೂ ಇದನ್ನು ತೋರಿಸಬೇಕು. 45 ಸೆಕೆಂಡಿನ ರೀಲ್ ಆದರೆ ಆ ಪದ ಕನಿಷ್ಠ 15 ಸೆಕೆಂಡ್ ಪರದೆ ಮೇಲಿರಬೇಕು. "ಲೇಬಲ್ ಬೇಡ ಮೇಡಂ, ರೀಚ್ ಕಡಿಮೆ ಆಗುತ್ತೆ" ಅಂತ ಅವರು ಹೇಳಿದರೂ ಬಿಡಬೇಡಿ. "15 ದಿನದಲ್ಲಿ ಇಳುವರಿ ಎರಡು ಪಟ್ಟು" ಅಂತ ಸ್ಕ್ರಿಪ್ಟ್ ಕಳಿಸಿದರೆ ಆ ಸಾಲು ಹೊಡೆದುಹಾಕಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ವಿಚಾರಿಸದೆ ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡವರಿಗೂ 10 ಲಕ್ಷದವರೆಗೆ ದಂಡ ಹಾಕಬಹುದು. ಎರಡು ಕುಂಡದ ನಡುವೆ ವ್ಯತ್ಯಾಸವೇ ಕಾಣದಿದ್ದರೆ ಏನು ಮಾಡೋದು ಅಂತಲೂ ಮೊದಲೇ ಮಾತಾಡಿ. ನಾನು "ಆಗ ರೀಲ್ ಹಾಕೋದಿಲ್ಲ, ಅಡ್ವಾನ್ಸ್ ವಾಪಸ್ ಇಲ್ಲ" ಅಂತ ಬರೆಸಿಕೊಳ್ಳುತ್ತೇನೆ. ಕೆಲವರು ಒಪ್ಪದೆ ಹೋಗಿದ್ದಾರೆ.

ಶ್ರೀರಂಗಪಟ್ಟಣದ ಸರ್, ರೇಟ್ ಕಾರ್ಡ್ ಕಳಿಸಲೇಬಾರದು, ಮೊದಲು ಅವರ ಬಜೆಟ್ ಕೇಳಬೇಕು ಅಂತ ನೀವು ಹೇಳಿದ್ದು ತಳ್ಳಿಹಾಕುವ ಮಾತಲ್ಲ. ಬಜೆಟ್ ದೊಡ್ಡದಿದ್ದರೆ ನಮ್ಮ 5,000 ನೋಡಿ ಅವರು ಸುಮ್ಮನಾಗಿಬಿಡ್ತಾರೆ. ಆದರೆ ಸಣ್ಣ ಕಂಪನಿಯವರು ಬಜೆಟ್ ಹೇಳದೆ ಮೆಸೇಜ್‌ಗೆ ಉತ್ತರವನ್ನೇ ನಿಲ್ಲಿಸಿದ್ದನ್ನೂ ನೋಡಿದ್ದೇನೆ. ಇದರಲ್ಲಿ ಬೇರೆಯವರ ಅನುಭವ ಏನು ಅಂತ ಬರೆಯಿರಿ.

ಅಕ್ಕಾ, ನೀವು ಇವತ್ತು ಕಿಟ್ ಮಾತ್ರ ಕಳಿಸಿ, ಜೊತೆಗೆ ಮೂರು ಪ್ರಶ್ನೆ ಕೇಳಿ. ರೀಲ್ ಯಾವ ತಾರೀಖಿಗೆ ಬೇಕು, ನಿಮ್ಮ ಜಾಹೀರಾತಿಗೆ ಬಳಸ್ತೀರಾ, ಬಳಸೋದಾದರೆ ಎಷ್ಟು ದಿನ. ಉತ್ತರ ಬಂದ ಮೇಲೆ ಅದಕ್ಕೆ ತಕ್ಕ ರೇಟ್ ಬರೆದು ಕಳಿಸಿ. ತಾರೀಖು ಮುಂದಿನ ವಾರವೇ ಅಂತ ಹೇಳಿದರೆ ಕುಂಡದ ಪ್ರಯೋಗ ಆಗೋದಿಲ್ಲ ಅಂತ ನೇರವಾಗಿ ಹೇಳಿ. ಚೀಲ ತೆರೆದು, ಗೊಬ್ಬರ ಕೈಯಲ್ಲಿ ಹಿಡಿದು, ತೇವ, ವಾಸನೆ, ಪುಡಿ ಹೇಗಿದೆ ಅಂತ ತೋರಿಸುವ ರೀಲ್ ಮಾತ್ರ ಮಾಡಿಕೊಡ್ತೀನಿ ಅನ್ನಿ. ಅದಕ್ಕೆ ಕೆಲಸ ಒಂದು ದಿನ ಕಡಿಮೆ, ಕುಂಡ ಸಸಿಯ ಖರ್ಚೂ ಇಲ್ಲ, 3,000 ಸಾಕು.