ಪ್ರತಿ ತಿಂಗಳೂ 21ಕ್ಕೆ ಜೇಬು ಖಾಲಿ

"ಅಕ್ಕಾ, ಊರು ಬಿಟ್ಟು ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದೇನೆ. ಒಂದನೇ ತಾರೀಖು ಅಪ್ಪ ದುಡ್ಡು ಹಾಕುತ್ತಾರೆ. ಅದರಲ್ಲಿ ನೂರಕ್ಕೆ 60ರಷ್ಟು ರೂಮು, ಊಟಕ್ಕೆ ಅಂದೇ ಹೋಗುತ್ತದೆ. ಹಿಂದಿನ ಸೆಮಿಸ್ಟರ್‌ನಲ್ಲಿ ಪರೀಕ್ಷೆ ಫೀಸಿಗೆ ಅಂತ ರೂಮ್‌ಮೇಟ್ ಹತ್ತಿರ 12ರಷ್ಟು ಕೈಸಾಲ ಮಾಡಿದೆ, ಮುಂದಿನ ಒಂದನೇ ತಾರೀಖೇ ತೀರಿಸಿದೆ. ಅವತ್ತಿನಿಂದ ಪ್ರತಿ ತಿಂಗಳು 21ಕ್ಕೆ ಕೈ ಖಾಲಿ, ಮತ್ತೆ ಅವನ ಹತ್ತಿರವೇ ಸಾಲ. ನಾನು ದುಂದು ಮಾಡುವವನಲ್ಲ. ಮನೆಯಲ್ಲಿ ಕೇಳಲು ನಾಚಿಕೆ. ಏನು ಮಾಡಲಿ?"

ತಮ್ಮಾ, ನೀನು ದುಂದು ಮಾಡುತ್ತಿಲ್ಲ ಅನ್ನುವುದನ್ನು ನಾನು ನಂಬುತ್ತೇನೆ, ಯಾಕೆಂದರೆ ನಿನ್ನ ಲೆಕ್ಕವೇ ಹಾಗೆ ಹೇಳುತ್ತಿದೆ. ನೂರರಲ್ಲಿ 60 ಹೋದರೆ ಕೈಯಲ್ಲಿ 40. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 1.33. ಆದರೆ ನೀನು ಒಂದನೇ ತಾರೀಖೇ 12 ಸಾಲ ತೀರಿಸಿಬಿಡುತ್ತೀಯ, ಉಳಿಯುವುದು 28. ಅದೇ ಕೈಯಲ್ಲಿ ಖರ್ಚು ಮಾಡಿದರೆ 28 ಎಷ್ಟು ದಿನ ಬರುತ್ತದೆ? ಸರಿಯಾಗಿ 21 ದಿನ. ಉಳಿದ ಒಂಬತ್ತು ದಿನಕ್ಕೆ ಬೇಕಾಗುವುದು ಎಷ್ಟು? ಅದೇ 12.

ನೋಡಿದೆಯಾ? ನೀನು ಹೊಸ ಸಾಲ ಮಾಡುತ್ತಲೇ ಇಲ್ಲ. ಆ ಫೀಸಿನ ಸಾಲವನ್ನೇ ತಿಂಗಳಿಂದ ತಿಂಗಳಿಗೆ ಹೊತ್ತುಕೊಂಡು ಓಡಾಡುತ್ತಿದ್ದೀಯ. ಒಂದನೇ ತಾರೀಖು ತೀರಿಸಿದೆ ಅನ್ನಿಸುತ್ತದೆ, 21ಕ್ಕೆ ಅದೇ ಹಣ ವಾಪಸ್ ಇಸಿದುಕೊಳ್ಳುತ್ತೀಯ, ಅಷ್ಟೇ. 31 ದಿನದ ತಿಂಗಳು ಬಂದರೆ ಇನ್ನೊಂದು ದಿನದ ಖರ್ಚು ಸಾಲಕ್ಕೆ ಸೇರುತ್ತದೆ, ಸುಮ್ನೆ, ಗೊತ್ತೇ ಆಗದ ಹಾಗೆ.

ಹಾಗಾಗಿ ಮೊದಲ ಕೆಲಸ, ಒಂದೇ ಏಟಿಗೆ ತೀರಿಸುವುದನ್ನು ನಿಲ್ಲಿಸು. ಇದು ಸ್ವಲ್ಪ ವಿಚಿತ್ರವಾಗಿ ಕೇಳಿಸಬಹುದು, ನಾವೆಲ್ಲ ಸಾಲ ಬೇಗ ತೀರಿಸಬೇಕು ಅಂತ ಕೇಳಿಕೊಂಡೇ ಬೆಳೆದವರು, ಅಲ್ವಾ? ರೂಮ್‌ಮೇಟ್ ಹತ್ತಿರ ಕೂತು ಹೇಳು: "ತಿಂಗಳಿಗೆ 3ರಂತೆ ನಾಲ್ಕು ತಿಂಗಳಲ್ಲಿ ಕೊಡ್ತೀನಿ, ಆದರೆ ಮಧ್ಯದಲ್ಲಿ ಮತ್ತೆ ಕೇಳಲ್ಲ." ಅವನಿಗೂ ಇದರಿಂದ ನಷ್ಟವಿಲ್ಲ, ಈಗಲೂ ಆ ಹಣ ಅವನ ಕೈಯಲ್ಲಿ ತಿಂಗಳಿಗೆ ಮೂರು ವಾರವೂ ನಿಲ್ಲುತ್ತಿಲ್ಲ. ಆದರೆ ಅವನಿಗೇ ಆ ಹಣದ ತುರ್ತಿದ್ದರೆ ಈ ದಾರಿ ಬೇಡ. ಆಗ ಮನೆಯಲ್ಲಿ ಒಂದೇ ಒಂದು ಸಲ 12 ಕೇಳುವುದೇ ಸರಿ. ಫೋನಿನಲ್ಲಿ ಐದೇ ನಿಮಿಷದಲ್ಲಿ ಸಾಲ ಕೊಡುವ ಆಪ್‌ಗಳ ಕಡೆ ಮಾತ್ರ ಹೋಗಬೇಡ. ಎಷ್ಟೋ ಕಡೆ ಶುಲ್ಕ ಮೊದಲೇ ಮುರಿದುಕೊಂಡು ಕಡಿಮೆ ಹಣ ಕೈಗೆ ಕೊಡುತ್ತಾರೆ, ಬಡ್ಡಿ ಮಾತ್ರ ಪೂರ್ತಿ ಮೊತ್ತಕ್ಕೆ.

ಇನ್ನು ಆ 3 ಎಲ್ಲಿಂದ ತರುವುದು? ಅದು ನಿನ್ನ ಎರಡೂಕಾಲು ದಿನದ ಖರ್ಚು. ಇಡೀ ತಿಂಗಳಲ್ಲಿ ಅಷ್ಟು ಉಳಿಸುವುದು ಕಷ್ಟವಲ್ಲ, ಆದರೆ ಕೊನೆಯಲ್ಲಿ ಉಳಿದರೆ ಕೊಡ್ತೀನಿ ಅಂದರೆ ಉಳಿಯುವುದಿಲ್ಲ. ಹಣ ಬಂದ ದಿನವೇ ಅವನಿಗೆ ಕೊಟ್ಟುಬಿಡು.

ಉಳಿದ 37ನ್ನು ನಾಲ್ಕು ಭಾಗ ಮಾಡಬೇಡ. ನಾನು ಹಾಸ್ಟೆಲ್‌ನಲ್ಲಿದ್ದಾಗ ನಾಲ್ಕು ಕವರಿನ ಮೇಲೆ ನಾಲ್ಕು ವಾರ ಅಂತ ಬರೆದು ಬಹಳ ಹೆಮ್ಮೆಯಿಂದ ಇಟ್ಟುಕೊಂಡಿದ್ದೆ. ನಾಲ್ಕು ವಾರ ಅಂದರೆ 28 ದಿನ. 29ನೇ ತಾರೀಖು ಬೆಳಿಗ್ಗೆ ನಾಲ್ಕೂ ಕವರು ಖಾಲಿ, ನಾನು ಅವನ್ನು ತಲೆಕೆಳಗೆ ಮಾಡಿ ಕೊಡವುತ್ತಾ ಕೂತಿದ್ದೆ! ವಾರಕ್ಕೆ 8.5ರಂತೆ ನಾಲ್ಕು ವಾರಕ್ಕೆ 34 ಇಡು, ಮಿಕ್ಕ 3 ಕೊನೆಯ ಎರಡು ಮೂರು ದಿನಕ್ಕೆ. ಫೋನಿನಿಂದ ಪಾವತಿ ಮಾಡುವ ಖಾತೆಯಲ್ಲಿ ಆ ವಾರದ ಹಣ ಮಾತ್ರ ಇರಲಿ, ಬಾಕಿದ್ದು ಬೇರೆ ಖಾತೆಯಲ್ಲಿ. ವಾರದ ಐದನೇ ದಿನಕ್ಕೇ ಹಣ ಮುಗಿದರೆ ಎರಡು ದಿನ ಬಿಗಿ ಹಿಡಿದರೆ ಸಾಕು. ಈಗ ನಿನಗೆ ತಪ್ಪು ಗೊತ್ತಾಗುವುದೇ 21ಕ್ಕೆ, ಅಷ್ಟು ಹೊತ್ತಿಗೆ ತಿದ್ದಲು ಏನೂ ಉಳಿದಿರುವುದಿಲ್ಲ.

ನಾಲ್ಕು ತಿಂಗಳಲ್ಲಿ ಸಾಲ ಮುಗಿಯುತ್ತದೆ, ಆದರೆ ಮುಂದಿನ ಫೀಸು ಬರುತ್ತದಲ್ಲ? ಅದಕ್ಕೆ ಇನ್ನೂ ಆರು ತಿಂಗಳಿದೆ ಅಂದುಕೊಂಡರೆ, ಉಳಿದ ಎರಡು ತಿಂಗಳು ಅದೇ 3ನ್ನು ಎತ್ತಿಟ್ಟರೂ ಸೇರುವುದು 6. ಬೇಕಿರುವುದು 12. ಆ ಅರ್ಧಕ್ಕೆ ಮನೆಯಲ್ಲಿ ಕೇಳಲೇಬೇಕು. ಇದರಲ್ಲಿ ನಾಚಿಕೆ ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ಅಪ್ಪ ಲೆಕ್ಕ ಹಾಕಿದ್ದು ತಿಂಗಳ ಖರ್ಚಿಗೆ, ಫೀಸು ಅದರಲ್ಲಿ ಇರಲೇ ಇಲ್ಲ. ಈಗಲೇ ಫೋನ್ ಮಾಡಿ "ಅಪ್ಪಾ, ಇಂಥ ತಿಂಗಳು ಪರೀಕ್ಷೆ ಫೀಸು ಕಟ್ಟಬೇಕು, ಅರ್ಧ ನಾನು ಉಳಿಸ್ತಿದ್ದೀನಿ, ಇನ್ನರ್ಧ ಆ ತಿಂಗಳು ಜಾಸ್ತಿ ಹಾಕ್ತೀರಾ" ಅಂತ ಕೇಳು. ಕೊನೇ ದಿನದ ಹಿಂದಿನ ರಾತ್ರಿ ಕೇಳಿದರೆ ಅವರೂ ಯಾರ ಹತ್ತಿರವಾದರೂ ಕೈಸಾಲ ಮಾಡಬೇಕಾಗುತ್ತದೆ.